ಹೊಂಡದ ಮಣ್ಣಿನ ಲೆಕ್ಕ ಇರುವುದು ನಡುವಿನಲ್ಲಿ

ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್. ರಾಜ್ಯದಲ್ಲಿ 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಈ ಅಳತೆಯ ಕೃಷಿ ಹೊಂಡಗಳು ಬಹಳ ಕಡೆ ಕಾಣಸಿಗುತ್ತವೆ. ಜೆಸಿಬಿ ಅಥವಾ ಹಿಟಾಚಿ ಬಂದು ಅಗೆಯುತ್ತದೆ, ಮಣ್ಣು ಸುತ್ತಲೂ ದಂಡೆಯಾಗಿ ಏರುತ್ತದೆ, ಆಮೇಲೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅಗೆದ ಮಣ್ಣು ಎಷ್ಟು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಘನಮೀಟರಿಗೆ ಇಷ್ಟು ಎಂದು ದರ ಗೊತ್ತುಮಾಡಿದ ಕೆಲಸವಾದರೆ ಆ ಸಂಖ್ಯೆಗಳ ನಡುವಿನ ಅಂತರವೆಲ್ಲ ದುಡ್ಡೇ.

21ನ್ನು 21ರಿಂದ ಗುಣಿಸಿ, 3ರಿಂದ ಮತ್ತೆ ಗುಣಿಸಿದರೆ 1323 ಘನಮೀಟರ್ ಬರುತ್ತದೆ. ಹೊಂಡದ ಗೋಡೆ ನೆಟ್ಟಗಿದ್ದರೆ ಇದೇ ಸರಿ. ಆದರೆ ನೆಟ್ಟಗಿನ ಮಣ್ಣಿನ ಗೋಡೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ, ಕುಸಿಯುತ್ತದೆ. ಅದಕ್ಕೇ ಗೋಡೆಯನ್ನು ಓರೆಯಾಗಿ ಕತ್ತರಿಸುತ್ತಾರೆ. ಗಟ್ಟಿ ಕೆಂಪು ಮಣ್ಣಿನಲ್ಲಿ ಒಂದು ಮೀಟರ್ ಇಳಿದಾಗ ಒಂದು ಮೀಟರ್ ಒಳಕ್ಕೆ ಬರುವಂತೆ ಓರೆ ಕೊಡುವುದುಂಟು, ಅದನ್ನು ಒಂದಕ್ಕೊಂದು ಇಳಿಜಾರು ಎನ್ನುತ್ತಾರೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆ ಮಣ್ಣಿನಲ್ಲಿ ಅಷ್ಟು ಸಾಲದು, ಒಂದು ಮೀಟರಿಗೆ ಒಂದೂವರೆ ಮೀಟರ್ ಅಥವಾ ಇನ್ನೂ ಹೆಚ್ಚು ಬೇಕು.

ನಮ್ಮ ಹೊಂಡ ಕೆಂಪು ಮಣ್ಣಿನದು, ಒಂದಕ್ಕೊಂದು ಇಳಿಜಾರಿನದು ಎಂದುಕೊಳ್ಳೋಣ. 3 ಮೀಟರ್ ಇಳಿಯುವಷ್ಟರಲ್ಲಿ ನಾಲ್ಕೂ ಕಡೆಯಿಂದ ಗೋಡೆ 3 ಮೀಟರ್ ಒಳಕ್ಕೆ ಬಂದಿರುತ್ತದೆ. 21ರಲ್ಲಿ ಎರಡು ಬದಿಯ 6 ಮೀಟರ್ ಕಳೆದರೆ ತಳದ ಉದ್ದಗಲ 15 ಮೀಟರ್. ಮೇಲಿನ ವಿಸ್ತೀರ್ಣ 441 ಚದರ ಮೀಟರ್, ತಳದ್ದು 225.

ಈಗ ಹೆಚ್ಚಿನವರು ಮಾಡುವುದು ಸರಾಸರಿ. 441 ಮತ್ತು 225ನ್ನು ಕೂಡಿಸಿ ಅರ್ಧ ಮಾಡಿದರೆ 333, ಅದನ್ನು 3ರಿಂದ ಗುಣಿಸಿದರೆ 999 ಘನಮೀಟರ್. ಇನ್ನು ಕೆಲವರು ವಿಸ್ತೀರ್ಣದ ಬದಲು ಉದ್ದಗಲದ ಸರಾಸರಿ ತೆಗೆಯುತ್ತಾರೆ. 21 ಮತ್ತು 15ರ ಸರಾಸರಿ 18, ಹದಿನೆಂಟು ಹದಿನೆಂಟಲಿ 324, ಅದನ್ನು 3ರಿಂದ ಗುಣಿಸಿದರೆ 972 ಘನಮೀಟರ್. ಇಬ್ಬರೂ ಸರಾಸರಿಯನ್ನೇ ಹಿಡಿದವರು, ಆದರೂ ನಡುವೆ 27 ಘನಮೀಟರ್ ವ್ಯತ್ಯಾಸ. ಹಾಗಾದರೆ ನಿಜವಾದ ಲೆಕ್ಕ ಯಾವುದು? ಎರಡೂ ಅಲ್ಲ. ಸರಿಯಾದ ಉತ್ತರ 981.

ಆ 981 ಎಲ್ಲಿಂದ ಬಂತು ಎಂದು ತಿಳಿಯಲು ಸೂತ್ರ ಬೇಕಿಲ್ಲ, ಹೊಂಡವನ್ನು ತುಂಡು ಮಾಡಿ ನೋಡಿದರೆ ಸಾಕು. ತಳದ ನಾಲ್ಕು ಅಂಚುಗಳಿಂದ ನೇರವಾಗಿ ಮೇಲಕ್ಕೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ನಡುವೆ 15 ಮೀಟರ್ ಉದ್ದಗಲದ, 3 ಮೀಟರ್ ಎತ್ತರದ ಪೆಟ್ಟಿಗೆ ಸಿಗುತ್ತದೆ. ಅದರದ್ದು 675 ಘನಮೀಟರ್, ಅನುಮಾನವೇ ಇಲ್ಲ. ಪೆಟ್ಟಿಗೆಯ ನಾಲ್ಕು ಬದಿಗೂ ಒಂದೊಂದು ಓರೆ ತುಂಡು ಅಂಟಿಕೊಂಡಿರುತ್ತದೆ. ಅಡ್ಡ ಕೊಯ್ದರೆ ಅದು 3 ಮೀಟರ್ ಅಗಲ, 3 ಮೀಟರ್ ಎತ್ತರದ ತ್ರಿಕೋನ, ಅಂದರೆ ನಾಲ್ಕೂವರೆ ಚದರ ಮೀಟರ್. 15 ಮೀಟರ್ ಉದ್ದಕ್ಕೆ ಒಂದೊಂದು ತುಂಡಿನಲ್ಲಿ 67.5 ಘನಮೀಟರ್, ನಾಲ್ಕರಲ್ಲಿ 270. ಇದರಲ್ಲೂ ತಕರಾರಿಲ್ಲ.

ಉಳಿಯುವುದು ನಾಲ್ಕು ಮೂಲೆಗಳು. ಮೂಲೆಯ ತುಂಡು ಮೇಲೆ 3 ಮೀಟರ್ ಉದ್ದಗಲದ ಚೌಕವಾಗಿ ಶುರುವಾಗಿ, ಕೆಳಗಿಳಿಯುತ್ತ ಎರಡೂ ಕಡೆಯಿಂದ ಒಟ್ಟಿಗೆ ಸಣ್ಣದಾಗಿ, ತಳದ ಮೂಲೆಯಲ್ಲಿ ಒಂದು ಚುಕ್ಕಿಯಾಗಿ ಮುಗಿಯುತ್ತದೆ. ಅದು ತಲೆಕೆಳಗಾದ ಪಿರಮಿಡ್. ಪಿರಮಿಡ್ಡಿನ ಘನಗಾತ್ರ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಿದಷ್ಟು ಎಂದು ಶಾಲೆಯಲ್ಲಿ ಓದಿದ್ದೇವೆ. 9 ಚದರ ಮೀಟರ್, 3 ಮೀಟರ್ ಎತ್ತರ, ಮೂರನೇ ಒಂದು ಪಾಲು: 9 ಘನಮೀಟರ್. ನಾಲ್ಕು ಮೂಲೆಗೆ 36. ಈಗ ಕೂಡಿಸಿ. 675, 270, 36: ಒಟ್ಟು 981.

ಎರಡು ಸರಾಸರಿಗಳು ತಪ್ಪಿದ್ದು ಈ ಮೂಲೆಗಳಲ್ಲೇ. ವಿಸ್ತೀರ್ಣದ ಸರಾಸರಿ ಹಿಡಿದವರು ಮೂಲೆಯ ಮೇಲಿನ 9 ಚದರ ಮೀಟರ್ ಮತ್ತು ಕೆಳಗಿನ ಸೊನ್ನೆಯ ಸರಾಸರಿ ನಾಲ್ಕೂವರೆ ಎಂದು ಹಿಡಿದು, ಮೂಲೆಗೆ 13.5 ಘನಮೀಟರ್ ಕೊಟ್ಟರು. ಅದು ನಾಲ್ಕೂವರೆ ಹೆಚ್ಚು, ನಾಲ್ಕು ಮೂಲೆಗೆ 18 ಹೆಚ್ಚು. ಉದ್ದಗಲದ ಸರಾಸರಿ ಹಿಡಿದವರು ಮೂಲೆಯ ನಡುವಿನ ಒಂದೂವರೆ ಮೀಟರ್ ಚೌಕವನ್ನು ತೆಗೆದುಕೊಂಡು 6.75 ಘನಮೀಟರ್ ಕೊಟ್ಟರು. ಅದು 2.25 ಕಡಿಮೆ, ನಾಲ್ಕು ಮೂಲೆಗೆ 9 ಕಡಿಮೆ. ಪೆಟ್ಟಿಗೆ ಮತ್ತು ಬದಿಯ ತುಂಡುಗಳಲ್ಲಿ ಇಬ್ಬರದೂ ಸರಿಯೇ ಇತ್ತು.

ಒಬ್ಬರು ಹೆಚ್ಚು ತಪ್ಪಿದ್ದು 18, ಇನ್ನೊಬ್ಬರು ಕಡಿಮೆ ತಪ್ಪಿದ್ದು 9. ಒಂದು ಇನ್ನೊಂದರ ಸರಿಯಾಗಿ ಎರಡರಷ್ಟು. ಇದು ಆಕಸ್ಮಿಕವಲ್ಲ. ಗೋಡೆ ಸಮವಾಗಿ ಓರೆಯಾಗಿರುವ ಯಾವ ಹೊಂಡದಲ್ಲೂ ಈ ಅನುಪಾತ ಬದಲಾಗುವುದಿಲ್ಲ. ಹಾಗಾಗಿ ನಡುವಿನ ಲೆಕ್ಕಕ್ಕೆ ಎರಡು ಪಾಲು, ಮೇಲೆ-ಕೆಳಗಿನ ಸರಾಸರಿಗೆ ಒಂದು ಪಾಲು ಕೊಟ್ಟು ಮೂರರಿಂದ ಭಾಗಿಸಿದರೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. 972ರ ಎರಡರಷ್ಟು 1944, ಅದಕ್ಕೆ 999 ಕೂಡಿಸಿದರೆ 2943, ಮೂರರಿಂದ ಭಾಗಿಸಿದರೆ 981. ಇದನ್ನೇ ಎಂಜಿನಿಯರುಗಳು ಪ್ರಿಸ್ಮಾಯ್ಡಲ್ ಸೂತ್ರ ಎಂದು ಹೀಗೆ ಬರೆಯುತ್ತಾರೆ:

ಘನಗಾತ್ರ = (ಆಳ ÷ 6) × (ಮೇಲಿನ ವಿಸ್ತೀರ್ಣ + 4 × ನಡುವಿನ ವಿಸ್ತೀರ್ಣ + ತಳದ ವಿಸ್ತೀರ್ಣ)

ನಮ್ಮ ಹೊಂಡಕ್ಕೆ 441, 324ರ ನಾಲ್ಕರಷ್ಟು 1296, ಮತ್ತೆ 225. ಕೂಡಿಸಿದರೆ 1962, ಅದರ ಅರ್ಧ 981.

ಎರಡು ಒರಟು ಲೆಕ್ಕಗಳಿಂದ ಒಂದು ನಿಖರ ಲೆಕ್ಕ ತೆಗೆಯುವ ಈ ಉಪಾಯ ನಮ್ಮ ನೆಲದಲ್ಲಿ ಬಹಳ ಹಳೆಯದು. ಬ್ರಹ್ಮಗುಪ್ತ 628ರ ತನ್ನ ಗ್ರಂಥದಲ್ಲಿ ಅಗೆತದ ಲೆಕ್ಕಕ್ಕೆ ಹೇಳಿದ್ದು ಇದನ್ನೇ. ಸರಾಸರಿ ಉದ್ದಗಲದಿಂದ ಒಂದು ಫಲ, ಸರಾಸರಿ ವಿಸ್ತೀರ್ಣದಿಂದ ಇನ್ನೊಂದು ಫಲ ತೆಗೆದು, ಎರಡರ ವ್ಯತ್ಯಾಸದ ಮೂರನೇ ಒಂದು ಪಾಲನ್ನು ಮೊದಲನೆಯದಕ್ಕೆ ಕೂಡಿಸಬೇಕು. 972ಕ್ಕೆ 27ರ ಮೂರನೇ ಒಂದು ಪಾಲು 9 ಕೂಡಿಸಿ, ಅದೇ 981. ಸುಮಾರು 850ರ ಹೊತ್ತಿಗೆ, ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಖಾತ ವ್ಯವಹಾರ ಅಧ್ಯಾಯದಲ್ಲೂ ಇದೇ ಕ್ರಮವಿದೆ. ಆತ ಮೊದಲ ಒರಟು ಫಲವನ್ನು ಕರ್ಮಾಂತಿಕ ಎಂದೂ ಎರಡನೆಯದನ್ನು ಔಂಡ್ರ ಎಂದೂ ಕರೆದು, ಅವೆರಡರಿಂದ ಸೂಕ್ಷ್ಮ ಫಲ ತೆಗೆಯುತ್ತಾನೆ.

1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಅದನ್ನು ಇನ್ನೂ ಚುರುಕಾಗಿಸಿದ. ಮೇಲಿನ ಮತ್ತು ಕೆಳಗಿನ ಉದ್ದಗಳನ್ನು ಕೂಡಿಸು, ಅಗಲಗಳನ್ನೂ ಕೂಡಿಸು, ಆ ಎರಡು ಮೊತ್ತಗಳನ್ನು ಗುಣಿಸು. ಅದಕ್ಕೆ ಮೇಲಿನ ಮತ್ತು ತಳದ ವಿಸ್ತೀರ್ಣ ಸೇರಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸು. ಅವನ ಉದಾಹರಣೆಯ ಬಾವಿಯ ಬಾಯಿ 12 ಕೈ ಉದ್ದ, 10 ಕೈ ಅಗಲ, ತಳ ಅದರ ಅರ್ಧ, ಆಳ 7 ಕೈ. ಬಾಯಿಯ ವಿಸ್ತೀರ್ಣ 120, ತಳದ್ದು 30, ಕೂಡಿದ 18 ಮತ್ತು 15ರ ಗುಣಲಬ್ಧ 270. ಒಟ್ಟು 420, ಆರರಿಂದ ಭಾಗಿಸಿದರೆ 70, ಏಳರಿಂದ ಗುಣಿಸಿದರೆ 490. ನಡುವಿನ ಅಳತೆಗೆಂದು ಅರ್ಧ ಮಾಡಿ ಮತ್ತೆ ನಾಲ್ಕರಿಂದ ಗುಣಿಸುವ ಎರಡು ಕೆಲಸ ಇಲ್ಲಿ ತಪ್ಪಿತು. ನಮ್ಮ ಹೊಂಡದಲ್ಲೂ 21 ಮತ್ತು 15 ಕೂಡಿಸಿ 36, ಮೂವತ್ತಾರನ್ನು ಮೂವತ್ತಾರರಿಂದ ಗುಣಿಸಿದರೆ 1296 ನೇರವಾಗಿ ಬರುತ್ತದೆ. ಕಾಗದ-ಪೆನ್ಸಿಲ್ ಹಿಡಿದು ಹೊಲದಲ್ಲಿ ನಿಂತವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ.

ಆದರೆ ಭಾಸ್ಕರನ ದಾರಿ ಗೋಡೆ ಮೇಲಿಂದ ಕೆಳಗಿನವರೆಗೆ ಸಪಾಟಾಗಿದೆ ಎಂದು ನಂಬಿಕೊಂಡಿರುತ್ತದೆ. ಯಂತ್ರದಿಂದ ಅಗೆದ ಹೊಂಡದಲ್ಲಿ ಆ ನಂಬಿಕೆಯನ್ನು ಪರೀಕ್ಷಿಸಲೇಬೇಕು. ಜೆಸಿಬಿಯ ಬಕೆಟ್ ಮೇಲಿನ ಅಂಚನ್ನು ಚೆನ್ನಾಗಿ ಕತ್ತರಿಸುತ್ತದೆ, ತಳವನ್ನೂ ಚೆನ್ನಾಗಿ ಕೆರೆಯುತ್ತದೆ. ನಡುವಿನಲ್ಲಿ ಮಾತ್ರ ಗೋಡೆ ಹೊಟ್ಟೆ ಬಿಟ್ಟಂತೆ ಒಳಕ್ಕೆ ಉಬ್ಬಿ ಉಳಿಯುವುದುಂಟು. ಮೇಲೆ ಅಳೆದರೆ 21, ಕೆಳಗೆ ಅಳೆದರೆ 15, ಎರಡೂ ಸರಿ. ನಡುವೆ 18 ಇರಬೇಕಾದಲ್ಲಿ ಎರಡೂ ದಿಕ್ಕಿನಲ್ಲಿ 17.4 ಮೀಟರ್ ಇದೆ ಎಂದುಕೊಳ್ಳಿ, ಅಂದರೆ ಒಂದೊಂದು ಗೋಡೆ ಬರೀ 30 ಸೆಂಟಿಮೀಟರ್ ಉಬ್ಬಿದೆ. ನಡುವಿನ ವಿಸ್ತೀರ್ಣ 302.76 ಆಗುತ್ತದೆ. ಅದರ ನಾಲ್ಕರಷ್ಟಕ್ಕೆ 441 ಮತ್ತು 225 ಸೇರಿಸಿ ಅರ್ಧ ಮಾಡಿದರೆ 938.5 ಘನಮೀಟರ್. ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಉಬ್ಬಿನಲ್ಲಿ 42 ಘನಮೀಟರಿಗೂ ಹೆಚ್ಚು ಮಣ್ಣು ಅಗೆಯದೆ ಉಳಿದಿದೆ.

ಈ ಸೂತ್ರದ ನಿಜವಾದ ಬಲ ಇಲ್ಲಿದೆ. ನಡುವಿನ ಅಳತೆಗೆ ಅದು ನಾಲ್ಕು ಪಾಲು ಕೊಡುತ್ತದೆ. ಆ ಅಳತೆಯನ್ನು ಲೆಕ್ಕ ಹಾಕಿ ಊಹಿಸದೆ ಟೇಪ್ ಹಿಡಿದೇ ತೆಗೆದರೆ, ಉಬ್ಬಿರಲಿ ತಗ್ಗಿರಲಿ, ಅದು ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಅಳೆಯುವುದು ಕಷ್ಟವೂ ಅಲ್ಲ. ಎದುರುಬದುರು ಅಂಚಿನ ಗೂಟಗಳ ನಡುವೆ ಹುರಿ ಬಿಗಿಯಾಗಿ ಎಳೆದು ಕಟ್ಟಿ, ಗಾರೆ ಕೆಲಸದವರ ನೀರಿನ ಪೈಪಿನಿಂದ ಅದು ಮಟ್ಟವಾಗಿದೆಯೇ ಎಂದು ನೋಡಿಕೊಳ್ಳಬೇಕು. ಆ ಹುರಿಯಿಂದ ದಾರಕ್ಕೆ ಕಟ್ಟಿದ ಗುಂಡನ್ನು ಒಂದೂವರೆ ಮೀಟರ್ ಇಳಿಬಿಟ್ಟು, ಗುಂಡು ಗೋಡೆಗೆ ತಾಗುವ ಜಾಗದಲ್ಲಿ ಒಂದು ಕಡ್ಡಿ ಚುಚ್ಚಬೇಕು. ಎದುರಿನ ಗೋಡೆಯಲ್ಲೂ ಹಾಗೇ ಚುಚ್ಚಿ, ಎರಡು ಕಡ್ಡಿಗಳ ನಡುವೆ ಟೇಪ್ ಎಳೆಯಬೇಕು. ಉದ್ದಕ್ಕೆ ಮೂರು ಕಡೆ, ಅಗಲಕ್ಕೆ ಮೂರು ಕಡೆ ತೆಗೆದು ಸರಾಸರಿ ಹಿಡಿದರೆ ಸಾಕು. ಇದನ್ನೆಲ್ಲ ಪ್ಲಾಸ್ಟಿಕ್ ಹಾಸುವ ಮೊದಲೇ, ಹೊಂಡಕ್ಕೆ ನೀರು ಬರುವ ಮೊದಲೇ ಮಾಡಬೇಕು. ಆಮೇಲೆ ಯಾರು ಏನೇ ಹೇಳಿದರೂ ಪರೀಕ್ಷಿಸುವ ದಾರಿ ಇರುವುದಿಲ್ಲ.

ಆಳ ಅಳೆಯುವಾಗಲೂ ಇದೇ ಎಚ್ಚರ ಬೇಕು. ದಂಡೆಯ ಮೇಲೆ ನಿಂತವರು ಟೇಪನ್ನು ಗೋಡೆಯ ಮೇಲೆ ಜಾರಿಸಿ ಬಿಡುತ್ತಾರೆ, ಏಕೆಂದರೆ ಅದೇ ಸುಲಭ. ಒಂದಕ್ಕೊಂದು ಇಳಿಜಾರಿನ 3 ಮೀಟರ್ ಆಳದ ಹೊಂಡದಲ್ಲಿ ಆ ಓರೆಯ ಉದ್ದ 4.24 ಮೀಟರ್. ಅದನ್ನೇ ಆಳವೆಂದು ಬರೆದುಕೊಂಡರೆ ಲೆಕ್ಕ ನೂರಕ್ಕೆ 41ರಷ್ಟು ಉಬ್ಬುತ್ತದೆ. ಇನ್ನೊಂದು ಕಡೆ, ನೆಲವೇ ಮಟ್ಟವಿರುವುದಿಲ್ಲ. ಹೊಲ ನೂರಕ್ಕೆ ಒಂದರಷ್ಟು ವಾಲಿದ್ದರೂ 21 ಮೀಟರಿನಲ್ಲಿ 21 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಎತ್ತರದ ಮೂಲೆಯಲ್ಲಿ ಮಾತ್ರ ಆಳ ಅಳೆದರೆ ಒಂದು ಉತ್ತರ, ತಗ್ಗಿನ ಮೂಲೆಯಲ್ಲಿ ಅಳೆದರೆ ಇನ್ನೊಂದು. ಹೊಂಡದ ಬಾಯಿಯಲ್ಲಿ 10 ಸೆಂಟಿಮೀಟರ್ ಎಂದರೆ 44 ಘನಮೀಟರ್ ಎಂಬುದನ್ನು ನೆನಪಿಟ್ಟರೆ, ನಾಲ್ಕೂ ಮೂಲೆಗಳಲ್ಲಿ ಆಳ ತೆಗೆಯುವ ಶ್ರಮ ಭಾರವೆನಿಸುವುದಿಲ್ಲ.

ಇನ್ನು, ಸೂತ್ರ ಬರೆದೂ ತಪ್ಪುವ ಒಂದು ಬಗೆಯಿದೆ. ನಡುವಿನ ವಿಸ್ತೀರ್ಣ ಬೇಕು ಎಂದಾಗ 441 ಮತ್ತು 225ರ ಸರಾಸರಿ 333ನ್ನೇ ನಡುವಿನದೆಂದು ಹಾಕಿಬಿಡುವುದು. ಆಗ ಸೂತ್ರ ಹೆಸರಿಗಷ್ಟೇ ಉಳಿಯುತ್ತದೆ, ಉತ್ತರ ಮತ್ತೆ 999ಕ್ಕೇ ಬಂದು ನಿಲ್ಲುತ್ತದೆ. ಗೋಡೆ ಓರೆಯಾಗಿರುವ ಹೊಂಡಕ್ಕೆ ಸರಾಸರಿ ಲೆಕ್ಕವೂ ಪ್ರಿಸ್ಮಾಯ್ಡಲ್ ಲೆಕ್ಕವೂ ಒಂದೇ ಸಂಖ್ಯೆ ಕೊಟ್ಟರೆ ಅನುಮಾನಿಸಬೇಕಾದ್ದು ಇದನ್ನೇ. ಸರಾಸರಿ ತೆಗೆಯಬೇಕಾದ್ದು ಉದ್ದ ಮತ್ತು ಅಗಲಗಳದ್ದು, ವಿಸ್ತೀರ್ಣಗಳದ್ದಲ್ಲ.

ಹೊಂಡದೊಳಗೆ ನಡುವೆ ಮೆಟ್ಟಿಲು ಬಿಟ್ಟು ಅಗೆದಿದ್ದರೂ ಒಂದೇ ಸಲಕ್ಕೆ ಸೂತ್ರ ಹಚ್ಚುವಂತಿಲ್ಲ. ಮೆಟ್ಟಿಲಿನ ಹತ್ತಿರ ಅಗಲ ಥಟ್ಟನೆ ಬದಲಾಗುತ್ತದೆ, ಮೂರು ಅಳತೆಗಳಿಗೆ ಅದನ್ನು ಹಿಡಿಯುವ ಶಕ್ತಿಯಿಲ್ಲ. ಮೆಟ್ಟಿಲಿನ ಮೇಲಿನದು ಒಂದು ಹೊಂಡ, ಕೆಳಗಿನದು ಇನ್ನೊಂದು ಹೊಂಡ ಎಂದು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು.

ಈ 981 ಘನಮೀಟರ್ ನೆಲದೊಳಗೆ ಕೂತಿದ್ದ ಮಣ್ಣಿನ ಅಳತೆ ಎಂಬುದನ್ನೂ ಮರೆಯುವಂತಿಲ್ಲ. ಅಗೆದು ಹೊರಗೆ ಹಾಕಿದ ಮಣ್ಣು ಸಡಿಲವಾಗಿ, ಮಣ್ಣಿನ ಗುಣ ನೋಡಿಕೊಂಡು, ಸಾಮಾನ್ಯವಾಗಿ ಐದನೇ ಒಂದರಿಂದ ಮೂರನೇ ಒಂದರಷ್ಟು ಉಬ್ಬುತ್ತದೆ. ಕಾಲು ಭಾಗ ಉಬ್ಬಿತು ಎಂದರೂ ಅದೇ ಮಣ್ಣು ಗುಡ್ಡೆಯಲ್ಲಿ 1226 ಘನಮೀಟರ್ ಆಗುತ್ತದೆ. ಟ್ರ್ಯಾಕ್ಟರ್ ಟ್ರೈಲಿ ಎಣಿಸಿ ಲೆಕ್ಕ ಕೊಟ್ಟವರೂ ಗುಂಡಿ ಅಳೆದು ಲೆಕ್ಕ ಕೊಟ್ಟವರೂ ಜಗಳವಾಡುವುದು ಎಷ್ಟೋ ಸಲ ಇದಕ್ಕೇ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ದರ ಗುಂಡಿಯ ಅಳತೆಗೋ ಗಾಡಿಯ ಅಳತೆಗೋ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಬೇಕು.

ಏರಿ ಮತ್ತು ಒಡ್ಡುಗಳಿಗೂ ಇದೇ ಸೂತ್ರ. ಅಲ್ಲಿ ಆಳದ ಜಾಗದಲ್ಲಿ ಉದ್ದ ಬರುತ್ತದೆ, ಮೇಲೆ-ಕೆಳಗಿನ ವಿಸ್ತೀರ್ಣಗಳ ಜಾಗದಲ್ಲಿ ಎರಡು ತುದಿಗಳ ಅಡ್ಡಕೊಯ್ತದ ವಿಸ್ತೀರ್ಣಗಳು ಬರುತ್ತವೆ. ಸರಾಸರಿಯ ತಪ್ಪು ಅಲ್ಲಿ ಇನ್ನೂ ದೊಡ್ಡದು. ಹಳ್ಳಕ್ಕೆ ಅಡ್ಡ ಕಟ್ಟಿದ ಒಂದು ಒಡ್ಡಿನ 30 ಮೀಟರ್ ಭಾಗವನ್ನು ತೆಗೆದುಕೊಳ್ಳೋಣ. ಮೇಲಿನ ಅಗಲ ಎಲ್ಲ ಕಡೆ 2 ಮೀಟರ್, ಎರಡೂ ಬದಿ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಹೊರಕ್ಕೆ ಇಳಿಯುತ್ತವೆ. ಅಂಚಿನ ಕಡೆ ಎತ್ತರ 1 ಮೀಟರ್, ಹಳ್ಳದ ನಡುವಿನ ಕಡೆ 3 ಮೀಟರ್.

1 ಮೀಟರ್ ಎತ್ತರವಿರುವಲ್ಲಿ ಒಡ್ಡಿನ ಬುಡ 6 ಮೀಟರ್ ಅಗಲ, ಅಡ್ಡಕೊಯ್ತ 4 ಚದರ ಮೀಟರ್. 3 ಮೀಟರ್ ಎತ್ತರವಿರುವಲ್ಲಿ ಬುಡ 14 ಮೀಟರ್, ಅಡ್ಡಕೊಯ್ತ 24. ಸರಾಸರಿ 14, ಅದನ್ನು 30ರಿಂದ ಗುಣಿಸಿದರೆ 420 ಘನಮೀಟರ್. ಈಗ ನಡುವೆ, 15 ಮೀಟರ್ ದೂರದಲ್ಲಿ, ಒಡ್ಡು 2 ಮೀಟರ್ ಎತ್ತರವಿದ್ದರೆ ಬುಡ 10 ಮೀಟರ್, ಅಡ್ಡಕೊಯ್ತ 12. 4, 48 ಮತ್ತು 24 ಕೂಡಿಸಿ 76, ಅದನ್ನು 30ರ ಆರನೇ ಒಂದು ಪಾಲು 5ರಿಂದ ಗುಣಿಸಿದರೆ 380 ಘನಮೀಟರ್. ಸರಾಸರಿ ಲೆಕ್ಕ 40 ಘನಮೀಟರ್ ಹೆಚ್ಚು ಕೊಟ್ಟಿತ್ತು. ಹೊಂಡದಲ್ಲಿ ಅದೇ ಬಗೆಯ ತಪ್ಪು ನೂರಕ್ಕೆ ಎರಡರಷ್ಟೂ ಇರಲಿಲ್ಲ, ಇಲ್ಲಿ ನೂರಕ್ಕೆ ಹತ್ತನ್ನೂ ದಾಟಿತು. ಎರಡು ತುದಿಗಳ ಎತ್ತರದಲ್ಲಿ ಅಂತರ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ. ಒಡ್ಡು ನೆಲದಲ್ಲಿ ಸೇರಿಹೋಗುವ ಕೊನೆಯ ತುಂಡಿನಲ್ಲಿ ಅದು ಅತಿ ಹೆಚ್ಚು. ಎತ್ತರ ಸೊನ್ನೆಯಿಂದ 3 ಮೀಟರಿಗೆ ಏರುವ ಇಂಥದೇ ಒಡ್ಡಿನಲ್ಲಿ ಸರಾಸರಿ ವಿಸ್ತೀರ್ಣ 12 ಎಂದು ಬರುತ್ತದೆ, ನಿಜಕ್ಕೆ ಹಿಡಿಯಬೇಕಾದ್ದು 9. ಮೂರನೇ ಒಂದು ಪಾಲು ಇಲ್ಲದ ಮಣ್ಣಿಗೆ ದುಡ್ಡು ಕೊಟ್ಟಂತೆ. ಸರಾಸರಿಯಲ್ಲೇ ಲೆಕ್ಕ ಹಾಕಬೇಕಾಗಿ ಬಂದರೆ, ತುಂಡುಗಳನ್ನು ಚಿಕ್ಕದು ಮಾಡಿ, ಎತ್ತರ ಬೇಗ ಬದಲಾಗುವಲ್ಲಿ ಹತ್ತಿರ ಹತ್ತಿರ ಅಡ್ಡಕೊಯ್ತ ತೆಗೆಯಬೇಕು. ತುಂಡನ್ನು ಎರಡು ಸಮಪಾಲು ಮಾಡಿದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ.

ಅಗೆದ ಹೊಂಡ ತುಂಬಿದ ಮೇಲೂ ರೈತರಿಗೆ ಈ ಲೆಕ್ಕದ ಕೆಲಸ ಮುಗಿಯುವುದಿಲ್ಲ. ತುಂಬಿದಾಗ 981 ಘನಮೀಟರ್, ಅಂದರೆ 9 ಲಕ್ಷ 81 ಸಾವಿರ ಲೀಟರ್. ನೀರು ಅರ್ಧ ಆಳಕ್ಕೆ, ಒಂದೂವರೆ ಮೀಟರಿಗೆ ಇಳಿದಾಗ ಅರ್ಧ ನೀರು ಉಳಿದಿದೆ ಎಂದುಕೊಂಡು ಇನ್ನೊಂದು ಸುತ್ತು ನೀರು ಹಾಯಿಸಲು ಹೊರಟವರಿಗೆ ಕೊನೆಯಲ್ಲಿ ಸಾಲದೆ ಬರುತ್ತದೆ. ಆಗ ನೀರಿನ ಮೇಲ್ಮೈ 18 ಮೀಟರ್ ಚೌಕ, ತಳ 15, ಇವೆರಡರ ನಡುವೆ 16.5. ವಿಸ್ತೀರ್ಣಗಳು 324, 272.25ರ ನಾಲ್ಕರಷ್ಟು 1089, ಮತ್ತು 225. ಒಟ್ಟು 1638, ಒಂದೂವರೆಯಿಂದ ಗುಣಿಸಿ ಆರರಿಂದ ಭಾಗಿಸಿದರೆ 409.5 ಘನಮೀಟರ್. ಅರ್ಧಕ್ಕೆ ಇನ್ನೂ 81 ಸಾವಿರ ಲೀಟರ್ ಕಡಿಮೆ. ಹೊಂಡದೊಳಗೆ ಒಂದು ಕೋಲು ನಿಲ್ಲಿಸಿ, ಅರ್ಧರ್ಧ ಮೀಟರಿಗೆ ಗೆರೆ ಹಾಕಿ, ಪ್ರತಿ ಗೆರೆಯ ಪಕ್ಕ ಹೀಗೆ ತೆಗೆದ ಲೀಟರನ್ನು ಬಣ್ಣದಲ್ಲಿ ಬರೆದಿಟ್ಟರೆ, ಇರುವ ನೀರಿನಲ್ಲಿ ಎಷ್ಟು ಗುಂಟೆಗೆ ಹಾಯಿಸಬಹುದು ಎಂಬುದನ್ನು ಪಂಪ್‌ಸೆಟ್ ಹಚ್ಚುವ ಮೊದಲೇ ತೀರ್ಮಾನಿಸಬಹುದು.